ಗಜಕರ್ಣಕ್ಕೆ ಸುಣ್ಣ, ಅರಿಶಿಣ, ಪಪ್ಪಾಯಿ ಹಾಲು: ರೋಗದ ಗುರುತನ್ನೇ ಅಳಿಸುವ ಮನೆಮದ್ದುಗಳು

ಬೆಳೆಗೆ ರೋಗ ಬಂದಾಗ ರೈತರು ಎಲೆಯನ್ನು ಕಿತ್ತು ತಜ್ಞರ ಬಳಿಗೆ ತರುವುದು ಒಳ್ಳೆಯ ರೂಢಿ. ಆದರೆ ಮೂರು ನಾಲ್ಕು ಬಗೆಯ ಔಷಧಿ ಹೊಡೆದು, ಎಲೆ ಸುಟ್ಟು ಕಂದಿದ ಮೇಲೆ ತಂದರೆ ಎಂಥ ತಜ್ಞರಿಗೂ ಮೊದಲಿನ ರೋಗ ಯಾವುದೆಂದು ಹೇಳಲು ಬರುವುದಿಲ್ಲ. ಎಲೆಯ ಮೇಲಿನ ಚುಕ್ಕೆ ರೋಗದ್ದೋ ಔಷಧಿ ಸುಟ್ಟದ್ದೋ ತಿಳಿಯದು. ನಮ್ಮ ಮೈಮೇಲಿನ ಚರ್ಮಕ್ಕೂ ಇದೇ ಮಾತು ಅನ್ವಯಿಸುತ್ತದೆ.

ದುಂಡಸಿ ಹಾಗೂ ಸುತ್ತಲಿನ ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮುಂಗಾರು ಹಿಡಿದ ಮೇಲೆ ಚರ್ಮದ ತುರಿಕೆ ಹೆಚ್ಚು. ಗೋವಿನಜೋಳದಲ್ಲಿ ಎಡೆ ಹೊಡೆಯುವಾಗ, ಭತ್ತದ ಗದ್ದೆಯಲ್ಲಿ ಕಳೆ ತೆಗೆಯುವಾಗ ತೊಯ್ದ ಬಟ್ಟೆ ಇಡೀ ದಿನ ಮೈಮೇಲೆಯೇ ಇರುತ್ತದೆ. ಟೊಂಕ, ತೊಡೆಸಂದು, ಕಂಕುಳು ಒಣಗುವುದೇ ಇಲ್ಲ. ಅಲ್ಲಿ ಗಂಧೆ ಎದ್ದಾಗ ಮೊದಲು ಕೈ ಹೋಗುವುದು ಮನೆಯಲ್ಲಿರುವ ವಸ್ತುವಿನ ಕಡೆಗೆ. ಎಲೆಅಡಿಕೆ ಸಂಚಿಯಲ್ಲಿ ಸುಣ್ಣವಿದೆ, ಅಡುಗೆಮನೆಯಲ್ಲಿ ಅರಿಶಿಣವಿದೆ, ಹಿತ್ತಲಲ್ಲಿ ಪಪ್ಪಾಯಿ ಗಿಡವಿದೆ, ಬಚ್ಚಲಲ್ಲಿ ಟೂತ್‌ಪೇಸ್ಟ್ ಇದೆ. ಈ ನಾಲ್ಕೂ ಚರ್ಮದ ಮೇಲೆ ಮಾಡುವ ಕೆಲಸವೇನು, ರೋಗದ ಗುರುತನ್ನು ಹೇಗೆ ಅಳಿಸುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಮಳೆಗಾಲದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಗಜಕರ್ಣವನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಗಜಕರ್ಣದ ನಿಜವಾದ ರೂಪ

ಗಜಕರ್ಣವನ್ನು ನಮ್ಮ ಕಡೆ ಹುಳಕಡ್ಡಿ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಹುಳವಿದ್ದರೂ ಈ ರೋಗದಲ್ಲಿ ಹುಳವಿಲ್ಲ. ಬೆಳೆಗಳಿಗೆ ಬೂದಿರೋಗ, ತುಕ್ಕುರೋಗ ತರುವಂಥ ಶಿಲೀಂಧ್ರದ ಜಾತಿಯೇ ಇದಕ್ಕೂ ಕಾರಣ. ಈ ಶಿಲೀಂಧ್ರವು ಚರ್ಮದ ತೀರ ಮೇಲಿನ ಸತ್ತ ಪದರಿನಲ್ಲಿ, ಕೂದಲಲ್ಲಿ ಮತ್ತು ಉಗುರಿನಲ್ಲಿ ಬದುಕುತ್ತದೆ. ಅದು ಒಂದು ಬಿಂದುವಿನಿಂದ ಹೊರಟು ಸುತ್ತಲೂ ಹರಡುತ್ತ ಹೋಗುತ್ತದೆ. ನಡುವಿನ ಭಾಗ ತಕ್ಕಮಟ್ಟಿಗೆ ಮಾಯುತ್ತದೆ, ಅಂಚು ಮಾತ್ರ ಕೆರಳಿರುತ್ತದೆ. ಅದರಿಂದಾಗಿ ಬಳೆಯಂಥ ಆಕಾರ ಬರುತ್ತದೆ.

ವೈದ್ಯರು ಗಜಕರ್ಣವನ್ನು ಗುರುತಿಸುವುದು ಈ ಅಂಚಿನಿಂದಲೇ. ಅಂಚು ತುಸು ಉಬ್ಬಿರುತ್ತದೆ, ಅದರ ಮೇಲೆ ಸಣ್ಣ ಗುಳ್ಳೆಗಳಿರುತ್ತವೆ, ಹೊಟ್ಟಿನಂಥ ತೆಳು ಪದರು ಏಳುತ್ತಿರುತ್ತದೆ. ಸಂಶಯವಿದ್ದಲ್ಲಿ ಈ ಅಂಚಿನ ಹೊಟ್ಟನ್ನು ಮೊಂಡು ಅಲಗಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕುತ್ತಾರೆ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು, 10ರಿಂದ 20 ನಿಮಿಷ ಕಾದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ದ್ರಾವಣದಲ್ಲಿ ಚರ್ಮದ ಹೊಟ್ಟು ಕರಗಿ ತಿಳಿಯಾಗುತ್ತದೆ, ಶಿಲೀಂಧ್ರದ ಎಳೆಗಳು ಕವಲೊಡೆದ ದಾರದಂತೆ ಉಳಿದು ಕಾಣುತ್ತವೆ. ಹೆಚ್ಚು ಖರ್ಚಿಲ್ಲದ, ಅರ್ಧ ಗಂಟೆಯಲ್ಲಿ ಮುಗಿಯುವ ಪರೀಕ್ಷೆ ಇದು.

ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಗಜಕರ್ಣದ ಗುರುತು ಅದರ ಅಂಚು, ಮತ್ತು ಅದರ ಸಾಕ್ಷಿ ಅಂಚಿನ ಮೇಲಿನ ಹೊಟ್ಟು. ಮುಂದೆ ಹೇಳುವ ನಾಲ್ಕು ಮನೆಮದ್ದುಗಳೂ ಈ ಎರಡರಲ್ಲಿ ಒಂದನ್ನಾದರೂ ಕೆಡಿಸುತ್ತವೆ.

ಸುಣ್ಣ

ಎಲೆಗೆ ಹಚ್ಚುವ ಸುಣ್ಣವು ನೀರಿನಲ್ಲಿ ಅರಳಿಸಿದ ಸುಣ್ಣ. ಅದು ಬಲವಾದ ಕ್ಷಾರ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರದ ಅಂಕಿಯನ್ನು ರೈತರು ನೋಡಿರುತ್ತಾರೆ. 7 ಎಂದರೆ ಸಮ, ಅದಕ್ಕಿಂತ ಹೆಚ್ಚಾದರೆ ಕ್ಷಾರ, ಕಡಿಮೆಯಾದರೆ ಹುಳಿ. ಆರೋಗ್ಯವಂತ ಚರ್ಮದ ಮೇಲ್ಭಾಗದ ರಸಸಾರ ಸುಮಾರು 5, ಅಂದರೆ ತುಸು ಹುಳಿ. ಸುಣ್ಣದ ತಿಳಿನೀರಿನ ರಸಸಾರ 12ಕ್ಕೂ ಮೇಲೆ. ಎಂಥ ಚೌಳು ಭೂಮಿಯಲ್ಲಿಯೂ ಅಷ್ಟು ಕ್ಷಾರ ಇರುವುದಿಲ್ಲ.

ಇಂಥ ಕ್ಷಾರವು ಚರ್ಮದ ಜಿಡ್ಡನ್ನು ಸಾಬೂನಿನಂತೆ ಮಾಡಿ ಕರಗಿಸುತ್ತದೆ, ಅದರ ಕೆಳಗಿನ ಪದರನ್ನು ಮೆತ್ತಗೆ ಮಾಡಿ ಒಳಗಿಳಿಯುತ್ತದೆ. ಬಿಸಿ ಎಣ್ಣೆ ತಗಲಿದರೆ ತಕ್ಷಣ ಉರಿಯುತ್ತದೆ, ನಾವು ಕೈ ಹಿಂದೆ ತೆಗೆಯುತ್ತೇವೆ. ಸುಣ್ಣದ ಸುಡುವಿಕೆ ಹಾಗಲ್ಲ. ಅದು ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ, ಉರಿ ಗೊತ್ತಾಗುವಷ್ಟರಲ್ಲಿ ಚರ್ಮ ಬೆಂದಿರುತ್ತದೆ. ತೊಡೆಸಂದಿನಂಥ ತೇವದ ಜಾಗದಲ್ಲಿ, ಕೆರೆದು ಗಾಯವಾದ ಚರ್ಮದಲ್ಲಿ, ಮೇಲೆ ಬಟ್ಟೆ ಬಿಗಿದಲ್ಲಿ ಇದು ಇನ್ನೂ ಜೋರು. ಅರಳಿಸದ ಸುಣ್ಣದ ಹರಳಾದರೆ ನೀರು ತಗಲಿದೊಡನೆ ಕುದಿಯುವಷ್ಟು ಶಾಖ ಬಿಡುವುದರಿಂದ ಅದನ್ನು ಮೈಗೆ ಮುಟ್ಟಿಸಲೇಕೂಡದು.

ಸುಣ್ಣ ಒಣಗಿದಾಗ ಬಿಳಿ ಹೊಕ್ಕಳೆಯಾಗಿ ಗಂಧೆಯನ್ನು ಮುಚ್ಚುತ್ತದೆ. ಅದನ್ನು ತೊಳೆದ ಮೇಲೆ ಕಾಣುವುದು ಸುಣ್ಣ ಸುಟ್ಟ ಕೆಂಪು, ಗಜಕರ್ಣದ ಬಳೆಯಲ್ಲ. ಮಾದ ಮೇಲೆ ಅಲ್ಲಿ ಕಪ್ಪು ಕಲೆಯೋ ಬಿಳಿ ಕಲೆಯೋ ಬಹುಕಾಲ ಉಳಿಯುತ್ತದೆ.

ಅರಿಶಿಣ

ನಾಲ್ಕರಲ್ಲಿ ಅರಿಶಿಣವೇ ಸೌಮ್ಯ. ಗಟ್ಟಿ ಚರ್ಮದ ಮೇಲೆ ಹಬ್ಬಕ್ಕೆ, ಮದುವೆಗೆ ಹಚ್ಚಿಕೊಂಡರೆ ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಅದು ಒಗ್ಗದೆ, ಹಚ್ಚಿದ ಒಂದೆರಡು ದಿನಗಳಲ್ಲಿ ತುರಿಕೆ, ಸಣ್ಣ ಗುಳ್ಳೆ ಏಳುತ್ತವೆ. ಅರಿಶಿಣದ ಸತ್ವವು ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಕೆಲವು ಶಿಲೀಂಧ್ರಗಳನ್ನು ತಡೆಯುತ್ತದೆಂಬುದು ನಿಜ. ಆದರೆ ಆ ಸತ್ವ ನೀರಿನಲ್ಲಿ ಕರಗುವುದು ತೀರ ಕಡಿಮೆ. ನೀರಿನಲ್ಲಿ ಕಲಸಿ ಹಚ್ಚಿದ ಪುಡಿಯಿಂದ ಗಜಕರ್ಣ ವಾಸಿಯಾಗುವಷ್ಟು ಸತ್ವ ಚರ್ಮಕ್ಕೆ ಸೇರುವುದಿಲ್ಲ.

ಅರಿಶಿಣದ ಮುಖ್ಯ ತೊಂದರೆ ಅದರ ಬಣ್ಣ. ಗಂಧೆ ಎಷ್ಟು ಕೆಂಪಿದೆ, ಕೆಂಪು ಎಲ್ಲಿ ಮುಗಿಯುತ್ತದೆ, ಚರ್ಮ ಬಿಳಿಚಿದೆಯೇ ಎಂಬುದನ್ನು ನೋಡಿಯೇ ಅರ್ಧ ರೋಗನಿರ್ಣಯ ಆಗುತ್ತದೆ. ಅರಿಶಿಣವು ಚರ್ಮದ ಮೇಲಿನ ಪದರಿಗೆ ಹಿಡಿದು ಹಲವು ದಿನ ಬಿಡುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಮೊದಲೇ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಹಳದಿ ಕೂತರೆ ಏನೂ ತಿಳಿಯದು.

ಸುಣ್ಣದ ಜೊತೆ ಕಲಸಿದರಂತೂ ಸಂಗತಿ ಇನ್ನೂ ಕೆಡುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಶಿಣ ಮತ್ತು ಸುಣ್ಣ ಹಾಕಿದರೆ ಅದು ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಕ್ಷಾರ ತಗಲಿದೊಡನೆ ಅರಿಶಿಣದ ಹಳದಿ ಕೆಂಪಾಗುತ್ತದೆ. ಗಂಧೆಯ ಮೇಲೆ ಆಗುವುದೂ ಅದೇ ಓಕುಳಿ. ಈಗ ಕಾಣುವ ಕೆಂಪು ರೋಗದ್ದೇ, ಸುಣ್ಣ ಸುಟ್ಟದ್ದೇ, ಅಥವಾ ಬರಿಯ ಬಣ್ಣವೇ? ಮೂರೂ ಒಂದರ ಮೇಲೊಂದು ಕೂತಿರುತ್ತವೆ.

ಹಸಿ ಪಪ್ಪಾಯಿಯ ಹಾಲು

ಗಜಕರ್ಣಕ್ಕೆ ಪಪ್ಪಾಯಿ ಹಾಲು ಹಚ್ಚುವ ರೂಢಿ ಹಳೆಯದು. ಬಲಿಯದ ಮಾಂಸ ಬೇಗ ಬೇಯಲೆಂದು ಹಸಿ ಪಪ್ಪಾಯಿಯ ತುಂಡು ಹಾಕುವುದು ಹಲವರಿಗೆ ಗೊತ್ತು. ಅದರ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವವು ಮಾಂಸದ ನಾರನ್ನು ಕಡಿದು ಮೆತ್ತಗೆ ಮಾಡುತ್ತದೆ. ಈ ಪಪೇನಿಗೆ ಮಾರುಕಟ್ಟೆ ಇರುವುದರಿಂದಲೇ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಕೋ-2, ಕೋ-5ರಂಥ ತಳಿಗಳನ್ನು ಹಾಲು ತೆಗೆಯಲು ಬೆಳೆಯುತ್ತಾರೆ. ಹಸಿರು ಕಾಯಿಗೆ ತೆಳುವಾಗಿ ಗೀರಿ ಹಾಲು ಇಳಿಸುವ ಕೂಲಿಗಳು ಕೈಗವಸು ಹಾಕಿಕೊಳ್ಳಬೇಕಾಗುವುದು ಈ ಹಾಲು ಕೈಯನ್ನು ತಿನ್ನುವುದರಿಂದಲೇ. ಕಾಯಿ ಹಣ್ಣಾಗುತ್ತ ಹೋದಂತೆ ಹಾಲು ಕಡಿಮೆಯಾಗುತ್ತದೆ. ಹಣ್ಣು ತಿಂದರೆ ಬಾಯಿ ಸುಡದಿರುವುದಕ್ಕೆ ಇದೇ ಕಾರಣ.

ಮಾಂಸದ ನಾರನ್ನು ಕಡಿಯುವ ವಸ್ತು ಚರ್ಮವನ್ನೂ ಕಡಿಯುತ್ತದೆ. ಗಜಕರ್ಣದ ಮೇಲೆ ಹಚ್ಚಿದಾಗ ಮೊದಲು ಹೋಗುವುದು ಮೇಲಿನ ಹೊಟ್ಟು. ಒಂದೆರಡು ದಿನ ಜಾಗ ನುಣುಪಾಗಿ ಕಾಣುತ್ತದೆ, ತುರಿಕೆಯೂ ತಗ್ಗಿದಂತೆ ಅನಿಸುತ್ತದೆ. ರೋಗ ಹೋಯಿತೆಂದು ತಿಳಿಯಲು ಇಷ್ಟು ಸಾಕು. ಆದರೆ ಕೂದಲ ಬುಡದಲ್ಲಿ ಮತ್ತು ಅಂಚಿನ ಆಚೆಗೆ ಶಿಲೀಂಧ್ರ ಹಾಗೆಯೇ ಉಳಿದಿರುತ್ತದೆ. ಪರೀಕ್ಷೆಗೆ ಬೇಕಾದ ಹೊಟ್ಟು ಮಾತ್ರ ಹೋಗಿರುತ್ತದೆ. ಮತ್ತೆ ಮತ್ತೆ ಹಚ್ಚಿದರೆ ನೀರ್ಗುಳ್ಳೆ ಎದ್ದು, ಒಡೆದು, ರಸ ಸೋರತೊಡಗುತ್ತದೆ. ಕೆಲವರಿಗೆ ಈ ಹಾಲು ಒಗ್ಗದೆ ಮೈತುಂಬ ದದ್ದು ಏಳುವುದೂ, ಉಬ್ಬಸ ಬರುವುದೂ ಉಂಟು.

ಟೂತ್‌ಪೇಸ್ಟ್

ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲು ಸೀಮೆಸುಣ್ಣದ ಅಥವಾ ಮರಳಿನ ಜಾತಿಯ ನುಣ್ಣನೆಯ ಪುಡಿ, ನೊರೆ ಬರಲು ಮಾರ್ಜಕ, ತಂಪಿಗೆ ಪುದೀನಾದ ಹರಳು, ವಾಸನೆಗೆ ಲವಂಗ, ದಾಲ್ಚಿನ್ನಿಯಂಥ ಎಣ್ಣೆಗಳು ಇರುತ್ತವೆ. ಬಾಯಿಯಲ್ಲಿ ಎರಡು ನಿಮಿಷ ಇದ್ದು ಉಗಿದು ತೊಳೆಯುವ ವಸ್ತು ಅದು. ಚರ್ಮದ ಮೇಲೆ ರಾತ್ರಿಯಿಡೀ ಬಿಟ್ಟರೆ ಮಾರ್ಜಕವು ಜಿಡ್ಡನ್ನು ತೆಗೆದು ಚರ್ಮವನ್ನು ಒಣಗಿಸಿ ಬಿರಿಸುತ್ತದೆ. ವಾಸನೆಯ ಎಣ್ಣೆಗಳು ಕೆಲವರಿಗೆ ಒಗ್ಗುವುದಿಲ್ಲ.

ಹಚ್ಚಿದೊಡನೆ ಆಗುವ ತಂಪು ಚರ್ಮದ ಶಾಖ ಇಳಿದದ್ದರಿಂದ ಬಂದುದಲ್ಲ. ಪುದೀನಾದ ಹರಳು ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ಅಷ್ಟೇ. ಆ ಹೊತ್ತಿಗೆ ತುರಿಕೆ ಮರೆಯುತ್ತದೆ. ಬೆಂಕಿಯ ಗಾಯಕ್ಕೆ ಪೇಸ್ಟ್ ಹಚ್ಚುವವರೂ ಇದೇ ಭ್ರಮೆಗೆ ಒಳಗಾಗುತ್ತಾರೆ. ಅಲ್ಲಿ ಬೇಕಾದುದು 20 ನಿಮಿಷ ಹರಿಯುವ ತಣ್ಣೀರು. ಒಣಗಿದ ಪೇಸ್ಟ್ ಬಿಳಿ ಹೊಟ್ಟಿನಂತೆ ಏಳುವುದರಿಂದ ನೋಡುವವರಿಗೆ ರೋಗದ ಹೊಟ್ಟೇ ಎನಿಸುತ್ತದೆ. ಕೆರೆದು ಗಾಜಿನ ಮೇಲೆ ಹಾಕಿದರೆ ಪುಡಿಯ ಕಣಗಳ ನಡುವೆ ಶಿಲೀಂಧ್ರದ ಎಳೆ ಹುಡುಕುವುದು ಕಷ್ಟ.

ಒಂದು ಉದಾಹರಣೆ

ಮಳೆಗಾಲದಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದನ್ನು ಒಂದು ಉದಾಹರಣೆಯ ಮೂಲಕ ಹಂತ ಹಂತವಾಗಿ ನೋಡೋಣ. ದುಂಡಸಿ ಭಾಗದ, ನಲವತ್ತು ವಯಸ್ಸಿನ ಒಬ್ಬ ರೈತರೆಂದು ಇಟ್ಟುಕೊಳ್ಳಿ. ಜುಲೈ ತಿಂಗಳು, ಗೋವಿನಜೋಳದ ಎಡೆ ಕೆಲಸ. ಉಡದಾರದ ಕೆಳಗೆ ಟೊಂಕದ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ದುಂಡನೆಯ ತುರಿಗಂಧೆ ಎದ್ದಿತು. ಈ ದಿನ ಯಾರಾದರೂ ಬಲ್ಲವರು ನೋಡಿದ್ದರೆ ಅಂಚು ಕಂಡೊಡನೆ ಗಜಕರ್ಣವೆಂದು ಹೇಳುತ್ತಿದ್ದರು.

ಮನೆಯ ಹಿರಿಯರ ಮಾತಿನಂತೆ ಮೂರು ದಿನ ಸುಣ್ಣ ಅರಿಶಿಣ ಕಲಸಿ ಹಚ್ಚಿದರು. ಉರಿ ಹತ್ತಿತು, ಜಾಗ ಕೆಂಪಾಯಿತು. ‘ಮದ್ದು ಹುಳವನ್ನು ಸುಡುತ್ತಿದೆ’ ಎಂದು ಸಹಿಸಿಕೊಂಡರು. ಬಳಿಕ ನೆರೆಯವರು ಹೇಳಿದರೆಂದು ಹಸಿ ಪಪ್ಪಾಯಿಗೆ ಗೀರಿ ಹಾಲು ಹಚ್ಚಿದರು. ಹೊಟ್ಟು ಉದುರಿತು, ಎರಡು ದಿನ ಸಮಾಧಾನ. ಮೂರನೆಯ ದಿನ ನೀರ್ಗುಳ್ಳೆ ಎದ್ದು ಒಡೆದವು. ಉರಿ ತಾಳಲಾರದೆ ರಾತ್ರಿ ಟೂತ್‌ಪೇಸ್ಟ್ ಬಳಿದು ಮಲಗಿದರು. ಎರಡು ವಾರಗಳಲ್ಲಿ ನಾಣ್ಯದಷ್ಟಿದ್ದ ಗಂಧೆ ಅಂಗೈಯಗಲವಾಯಿತು. ಬಳೆಯಾಕಾರ ಎಲ್ಲಿಯೂ ಉಳಿದಿರಲಿಲ್ಲ. ನಡುವೆ ರಸ ಸೋರುವ ಹುಣ್ಣು, ಸುತ್ತ ಹಳದಿ ಕೆಂಪು ಕಲೆ, ಮೇಲೆ ಬಿಳಿ ಹೊಕ್ಕಳೆ.

ಆಸ್ಪತ್ರೆಯಲ್ಲಿ ನಡೆಯುವ ಮಾತುಕತೆಯೂ ಹೆಚ್ಚುಕಡಿಮೆ ಒಂದೇ ರೀತಿ.

“ಇದಕ್ಕ ಮನ್ಯಾಗ ಏನೇನ ಹಚ್ಚೀರಿ?”

“ಏನಿಲ್ರಿ ಸಾಹೇಬ್ರ, ಹಂಗ ಒಂದೀಟು ಅರಿಶಿಣ.”

“ಬರೇ ಅರಿಶಿಣಕ್ಕ ಹಿಂಗ ಸುಡೂದಿಲ್ಲ. ಸುಣ್ಣಾ ಕೂಡಿಸಿದ್ರೇನು?”

“ಹೌದ್ರಿ. ಆಮ್ಯಾಲ ಪಪ್ಪಾಯಿ ಹಾಲೂ ಹಚ್ಚಿದ್ವಿ.”

ಬೈದಾರು ಎಂಬ ಅಂಜಿಕೆಯಿಂದ ಅರ್ಧ ಸಂಗತಿಯನ್ನು ಮುಚ್ಚಿಟ್ಟರೆ ವೈದ್ಯರಿಗೆ ಇದು ಇಸಬೋ, ಕೀವು ಹುಣ್ಣೋ, ಗಜಕರ್ಣವೋ ತಿಳಿಯುವುದಿಲ್ಲ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಇಸಬಿಗೆ ಕೊಡುವ ಮುಲಾಮು ಗಜಕರ್ಣವನ್ನು ಇನ್ನೂ ಹಬ್ಬಿಸುತ್ತದೆ.

ಇಂಥ ಸ್ಥಿತಿಯಲ್ಲಿ ನಿಜವನ್ನು ಹೊರಗೆಡಹುವ ಎರಡು ಗುರುತುಗಳಿವೆ. ಮೊದಲನೆಯದು ಗಾಯದ ಆಕಾರ. ರೋಗವು ತನ್ನಷ್ಟಕ್ಕೆ ತಾನೇ ದುಂಡಗೆ ಹರಡುತ್ತದೆ, ಹಚ್ಚಿದ ವಸ್ತು ಹಚ್ಚಿದಷ್ಟೇ ಜಾಗವನ್ನು ಸುಡುತ್ತದೆ. ಈ ರೈತರ ಟೊಂಕದಿಂದ ಕೆಳಗೆ ಒಂದು ಸಣ್ಣ ಗೆರೆಯಂತೆ ಗುಳ್ಳೆಗಳಿದ್ದವು. ಅದು ಪಪ್ಪಾಯಿ ಹಾಲು ಹರಿದಿಳಿದ ದಾರಿ. ಒಂದು ಕಡೆಯ ಅಂಚು ಗೀರು ಎಳೆದಂತೆ ನೇರವಾಗಿತ್ತು. ಅದು ಬೆರಳಿನಿಂದ ಸುಣ್ಣ ಬಳಿದು ನಿಲ್ಲಿಸಿದ ಜಾಗ. ಗೆರೆಯಾಗಲಿ, ನೇರ ಅಂಚಾಗಲಿ ಕಂಡರೆ ಮೇಲಿನಿಂದ ಏನೋ ಹಚ್ಚಿದ್ದಾರೆಂದು ತಿಳಿಯಬೇಕು.

ಎರಡನೆಯದು ಮದ್ದು ಮುಟ್ಟದ ಜಾಗ. ಒಳತೊಡೆಯಲ್ಲಿ ಅವರೂ ಗಮನಿಸದ ಇನ್ನೊಂದು ಸಣ್ಣ ಗಂಧೆ ಇತ್ತು. ಅದಕ್ಕೆ ಏನೂ ಹಚ್ಚಿರಲಿಲ್ಲ. ಅಲ್ಲಿ ಉಬ್ಬಿದ ಅಂಚು, ಅದರ ಮೇಲೆ ಹೊಟ್ಟು, ಮಾಯುತ್ತಿದ್ದ ನಡುಭಾಗ ಎಲ್ಲವೂ ಸ್ಪಷ್ಟ. ಅದರ ಅಂಚನ್ನು ಕೆರೆದು ನೋಡಿದಾಗ ಶಿಲೀಂಧ್ರದ ಎಳೆಗಳು ಕಂಡವು. ಮನೆಯಲ್ಲಿ ವಿಚಾರಿಸಿದಾಗ ಅವರ ಹೆಂಡತಿಗೂ ಮಗನಿಗೂ ಇಂಥದೇ ತುರಿಕೆ ಇದ್ದದ್ದು ತಿಳಿಯಿತು. ಗಜಕರ್ಣ ಅಂಟುರೋಗ. ಒಂದೇ ಟವೆಲ್ಲು, ಒಂದೇ ಹಾಸಿಗೆಯಿಂದ ಹರಡುತ್ತದೆ.

ಚಿಕಿತ್ಸೆ ಎರಡು ಹಂತದಲ್ಲಿ ನಡೆಯಬೇಕಾಯಿತು. ಮೊದಲ ವಾರ ಸುಟ್ಟ ಚರ್ಮ ಶಾಂತವಾಗುವುದಕ್ಕೇ ಹೋಯಿತು. ಬರಿ ನೀರಿನಿಂದ ತೊಳೆಯುವುದು, ಒತ್ತಿ ಒರೆಸುವುದು, ವೈದ್ಯರು ಹೇಳಿದ ಸಾದಾ ಮುಲಾಮು, ಅಷ್ಟೇ. ರಸ ನಿಂತ ಮೇಲೆ ಶಿಲೀಂಧ್ರನಾಶಕ ಮುಲಾಮು ಆರಂಭವಾಯಿತು. ಅದನ್ನು ಗಂಧೆಯ ಮೇಲೆ ಮಾತ್ರವಲ್ಲದೆ ಅಂಚಿನಿಂದ ಸುಮಾರು 2 ಸೆಂ.ಮೀ. ಆಚೆಗೂ ಹಚ್ಚಬೇಕು. ಕಣ್ಣಿಗೆ ಪೂರ್ತಿ ಮಾದಂತೆ ಕಂಡ ಮೇಲೂ ಇನ್ನೆರಡು ವಾರ ಬಿಡಬಾರದು. ಮನೆಯ ಮೂವರೂ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಮೊದಲ ದಿನವೇ ಹೋಗಿದ್ದರೆ ಸುಟ್ಟ ಗಾಯದ ವಾರ, ಅದರ ಕಪ್ಪು ಕಲೆ, ಮನೆಯವರಿಗೆ ಅಂಟಿದ ತುರಿಕೆ ಇವೆಲ್ಲ ತಪ್ಪುತ್ತಿದ್ದವು.

ಗಜಕರ್ಣವಲ್ಲದಿದ್ದರೆ?

ಎಲ್ಲ ಗಂಧೆಯೂ ಗಜಕರ್ಣವಲ್ಲ. ಮನೆಮದ್ದಿನ ಕೆಳಗೆ ಬೇರೆ ರೋಗ ಅಡಗಿದ್ದರೆ ಹಾನಿ ಇನ್ನೂ ಹೆಚ್ಚು. ಎರಡನ್ನು ಇಲ್ಲಿ ಹೇಳಬೇಕು.

ಒಂದು, ಕಾಂಗ್ರೆಸ್ ಕಸದ ತುರಿಕೆ. 1975ರಲ್ಲಿ ಕರ್ನಾಟಕ ಸರಕಾರ ಈ ಪಾರ್ಥೇನಿಯಂ ಕಳೆಯನ್ನು ಹಾನಿಕರ ಕಳೆಯೆಂದು ಘೋಷಿಸಿದ್ದರೂ ಹೊಲದ ಬದು, ರಸ್ತೆಯ ಬದಿಗಳಲ್ಲಿ ಅದು ಇಂದಿಗೂ ಇದೆ. ಇದರ ಪುಡಿ ಗಾಳಿಯಲ್ಲಿ ಹಾರಿ ಬಂದು ಬಟ್ಟೆ ಮುಚ್ಚದ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಇದರ ತುರಿಕೆ ಬಹುತೇಕ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆಗಳಲ್ಲಿ ಎರಡೂ ಬದಿಗೆ ಕಾಣುತ್ತದೆ, ಬಳೆಯಾಕಾರವಿರುವುದಿಲ್ಲ. ಗಜಕರ್ಣವಾದರೋ ಬಟ್ಟೆಯೊಳಗಿನ ತೇವದ ಜಾಗದಲ್ಲಿ ಹೆಚ್ಚು. ಮುಖಕ್ಕೆ ಅರಿಶಿಣ ಬಳಿದರೆ ಈ ಹಂಚಿಕೆ ತಿಳಿಯದು. ಕಣ್ಣಿನ ಹತ್ತಿರ ಸುಣ್ಣವನ್ನಾಗಲಿ ಪಪ್ಪಾಯಿ ಹಾಲನ್ನಾಗಲಿ ಒಯ್ದರೆ ದೃಷ್ಟಿಗೇ ಅಪಾಯ.

ಎರಡು, ಕುಷ್ಠರೋಗದ ಮಚ್ಚೆ. ಇದು ತುಸು ಬಿಳಿಚಿದ ಅಥವಾ ತಾಮ್ರವರ್ಣದ ಮಚ್ಚೆ. ಸಾಮಾನ್ಯವಾಗಿ ತುರಿಸುವುದಿಲ್ಲ, ಮುಟ್ಟಿದರೆ ಸ್ಪರ್ಶ ತಿಳಿಯುವುದಿಲ್ಲ ಅಥವಾ ಮಂದವಾಗಿರುತ್ತದೆ. ಇಂಥ ಮಚ್ಚೆಗೆ ಸುಣ್ಣ ಹಚ್ಚಿದವರಿಗೆ ಉರಿಯೂ ಗೊತ್ತಾಗದೆ ಆಳವಾದ ಹುಣ್ಣಾಗುತ್ತದೆ. ಅರಿಶಿಣ ಹಚ್ಚಿದರೆ ಬಿಳಿಚಿದ ಬಣ್ಣವೇ ಮುಚ್ಚಿಹೋಗುತ್ತದೆ. ತಿಂಗಳುಗಟ್ಟಲೆ ತಡವಾದರೆ ಕೈಕಾಲಿನ ನರಗಳಿಗೆ ಆದ ಹಾನಿ ಮರಳಿ ಸರಿಯಾಗದಿರಬಹುದು. ಹೊತ್ತಿಗೆ ಸರಿಯಾಗಿ ತಿಳಿದರೆ ಇದು ಪೂರ್ಣ ವಾಸಿಯಾಗುವ ರೋಗ, ಸರಕಾರಿ ಆಸ್ಪತ್ರೆಗಳಲ್ಲಿ ಮಾತ್ರೆಗಳು ಉಚಿತ. ಇದಕ್ಕೆ ತದ್ವಿರುದ್ಧವಾಗಿ, ಸುಣ್ಣ ಅಥವಾ ಪಪ್ಪಾಯಿ ಹಾಲು ಸುಟ್ಟು ಮಾದ ಬಿಳಿ ಕಲೆಯನ್ನು ಕಂಡು ಕುಷ್ಠವೆಂದು ಊರವರು ಸಂಶಯ ಪಡುವುದೂ ಉಂಟು. ಇಲ್ಲದ ರೋಗದ ಹೆಸರನ್ನು ಮನೆಮದ್ದೇ ತಂದುಕೊಟ್ಟಂತಾಗುತ್ತದೆ.

ಔಷಧಿ ಅಂಗಡಿಯ ಮಿಶ್ರ ಮುಲಾಮು

ಮನೆಮದ್ದು ಕೈಕೊಟ್ಟ ಮೇಲೆ ಹಲವರು ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತರುತ್ತಾರೆ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಎಂಬ ಹೆಸರುಗಳು ಅದರ ಮೇಲಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಇದು ಎರಡು ದಿನದಲ್ಲಿ ಕೆಂಪನ್ನೂ ತುರಿಕೆಯನ್ನೂ ಇಳಿಸುತ್ತದೆ, ಒಳಗೆ ಶಿಲೀಂಧ್ರ ಅಡೆತಡೆಯಿಲ್ಲದೆ ಬೆಳೆಯುತ್ತದೆ. ಅಂಚು ಮಸುಕಾಗಿ ಗಜಕರ್ಣ ಗುರುತು ಸಿಗದಂತಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿದೆ. ಈಚಿನ ವರ್ಷಗಳಲ್ಲಿ ಭಾರತದಲ್ಲಿ ಸಾಮಾನ್ಯ ಔಷಧಿಗೆ ಬಗ್ಗದ ಗಜಕರ್ಣ ಹೆಚ್ಚಿದೆ. ಆದ್ದರಿಂದ ಮೊದಲ ಸಲವೇ ಸರಿಯಾದ ಔಷಧಿ, ಸರಿಯಾದ ಅವಧಿ ಮುಖ್ಯ.

ಗಂಧೆ ಎದ್ದಾಗ ಮಾಡಬೇಕಾದುದು

ಏನನ್ನೂ ಹಚ್ಚುವ ಮೊದಲು ಹಗಲು ಬೆಳಕಿನಲ್ಲಿ ಗಂಧೆಯನ್ನು ಸರಿಯಾಗಿ ನೋಡಬೇಕು. ಅಂಚು ಉಬ್ಬಿದೆಯೇ, ನಡುಭಾಗ ಮಾಯುತ್ತಿದೆಯೇ, ಹೊಟ್ಟು ಏಳುತ್ತಿದೆಯೇ, ತುರಿಸುತ್ತದೆಯೇ ಎಂದು ಗಮನಿಸಿರಿ. ಕಣ್ಣು ಮುಚ್ಚಿಕೊಂಡು, ಬೇರೆಯವರಿಂದ ಹತ್ತಿಯ ಎಳೆಯಿಂದ ಮುಟ್ಟಿಸಿ ಸ್ಪರ್ಶ ತಿಳಿಯುತ್ತದೆಯೇ ನೋಡಿರಿ. ಬಾಲ್‌ಪೆನ್ನಿನಿಂದ ಅಂಚಿನ ಸುತ್ತ ತೆಳು ಗೆರೆ ಎಳೆದು, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿರಿ. ಮೂರು ನಾಲ್ಕು ದಿನದ ಮೇಲೆ ಗಂಧೆ ಗೆರೆ ದಾಟಿದ್ದರೆ ಹರಡುತ್ತಿದೆ ಎಂದರ್ಥ. ಮುಂದೆ ಏನಾದರೂ ಹಚ್ಚಿ ರೂಪ ಕೆಟ್ಟರೂ ಈ ಚಿತ್ರ ವೈದ್ಯರಿಗೆ ನೆರವಾಗುತ್ತದೆ.

ಆಸ್ಪತ್ರೆಗೆ ಹೋಗುವವರೆಗೆ ಜಾಗವನ್ನು ತಣ್ಣೀರಿನಿಂದ ತೊಳೆದು, ಒತ್ತಿ ಒರೆಸಿ, ಸಡಿಲಾದ ಹತ್ತಿ ಬಟ್ಟೆ ಉಡಬೇಕು. ತೊಯ್ದ ಬಟ್ಟೆಯನ್ನು ಮನೆಗೆ ಬಂದೊಡನೆ ಬದಲಿಸಬೇಕು. ತುರಿಕೆ ತಾಳದಿದ್ದರೆ ಶುಭ್ರ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ 10 ನಿಮಿಷ ಇಟ್ಟು ತೆಗೆದು, ಮತ್ತೆ ಒಣಗಿಸಬೇಕು. ಇದರಿಂದ ಗಂಧೆಯ ರೂಪ ಕೆಡುವುದಿಲ್ಲ. ಟವೆಲ್ಲು, ಒಳಬಟ್ಟೆ, ಉಡದಾರ ಬೇರೆಯವರೊಡನೆ ಹಂಚಿಕೊಳ್ಳಬಾರದು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಕರುಗಳ ಕಣ್ಣಿನ ಸುತ್ತ ಬೂದುಬಣ್ಣದ ಹೊಕ್ಕಳೆ ಇದ್ದರೆ ಅದೂ ಗಜಕರ್ಣವಿರಬಹುದು. ಅದು ಮನುಷ್ಯರಿಗೂ ಅಂಟುವುದರಿಂದ ಪಶುವೈದ್ಯರಿಗೆ ತೋರಿಸಬೇಕು.

ಈಗಾಗಲೇ ಹಚ್ಚಿದ್ದರೆ ಅದನ್ನು ಅಂದೇ ನಿಲ್ಲಿಸಬೇಕು. ಸುಣ್ಣವಾದರೆ ಒಣಗಿದ್ದನ್ನು ಮೆಲ್ಲಗೆ ಉದುರಿಸಿ, ಧಾರಾಳ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಬೇಕು. ಸುಣ್ಣಕ್ಕೆ ಮುರಿವೆಂದು ನಿಂಬೆರಸ ಹಿಂಡಕೂಡದು, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಉರಿ. ಪಪ್ಪಾಯಿ ಹಾಲು ಮತ್ತು ಪೇಸ್ಟನ್ನೂ ಬರಿ ನೀರಿನಲ್ಲಿಯೇ ತೊಳೆಯಬೇಕು. ಅರಿಶಿಣದ ಕಲೆಯನ್ನು ತಿಕ್ಕಿ ತೆಗೆಯಲು ಹೋಗಬಾರದು, ಚರ್ಮದ ಮೇಲ್ಪದರಿನೊಡನೆ ಅದು ತಾನೇ ಹೋಗುತ್ತದೆ. ಯಾವುದನ್ನು ಎಷ್ಟು ದಿನ ಹಚ್ಚಿದ್ದೆವು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ಕೊಡಬೇಕು, ಅಂಗಡಿಯಿಂದ ತಂದ ಟ್ಯೂಬನ್ನೂ ತೋರಿಸಬೇಕು. ಏನೂ ಹಚ್ಚದ ಇನ್ನೊಂದು ಗಂಧೆ ಮೈಮೇಲೆ ಎಲ್ಲಿಯಾದರೂ ಇದ್ದರೆ ತಪ್ಪದೆ ತೋರಿಸಿರಿ, ಅದನ್ನು ಹಾಗೆಯೇ ಬಿಟ್ಟಿರಿ.

ಕಣ್ಣಿಗೆ ಸುಣ್ಣ ಸಿಡಿದರೆ ಅಲ್ಲಿಯೇ ನೀರಿನಿಂದ ತೊಳೆಯುತ್ತ ಆಸ್ಪತ್ರೆಗೆ ಹೋಗಬೇಕು. ಗಂಧೆಯ ಜೊತೆಗೆ ಜ್ವರ ಬಂದರೆ, ಮುಖ ಬಾತರೆ, ಉಸಿರು ಕಟ್ಟಿದಂತಾದರೆ, ಮಚ್ಚೆಯಲ್ಲಿ ಸ್ಪರ್ಶ ಇಲ್ಲದಿದ್ದರೆ ಹೊಲದ ಕೆಲಸ ಮುಗಿಯಲೆಂದು ಕಾಯಬಾರದು. ಉಳಿದ ಗಂಧೆಗಳನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬಹುದು. ಅಲ್ಲಿ ತಿಳಿಯದಿದ್ದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಯ ಅಥವಾ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕಳುಹಿಸುತ್ತಾರೆ.

ಮುಖ್ಯಾಂಶಗಳು

1. ಗಜಕರ್ಣದ ಗುರುತು ಅದರ ಉಬ್ಬಿದ ಅಂಚು ಮತ್ತು ಅಂಚಿನ ಹೊಟ್ಟು. ಇವೆರಡನ್ನೂ ಕೆಡಿಸದೆ ವೈದ್ಯರಿಗೆ ತೋರಿಸಬೇಕು.

2. ಸುಣ್ಣ ಸುಡುತ್ತದೆ, ಅರಿಶಿಣ ಬಣ್ಣ ಮುಚ್ಚುತ್ತದೆ, ಪಪ್ಪಾಯಿ ಹಾಲು ಹೊಟ್ಟನ್ನು ತಿನ್ನುತ್ತದೆ, ಟೂತ್‌ಪೇಸ್ಟ್ ಸುಳ್ಳು ತಂಪು ಕೊಡುತ್ತದೆ.

3. ಗೆರೆಯಂಥ ಗುಳ್ಳೆ, ನೇರ ಅಂಚು ಕಂಡರೆ ಅದು ಹಚ್ಚಿದ ವಸ್ತುವಿನಿಂದ ಆದದ್ದು.

4. ತುರಿಸದ, ಸ್ಪರ್ಶ ತಿಳಿಯದ ಮಚ್ಚೆಗೆ ಏನನ್ನೂ ಹಚ್ಚದೆ ಕೂಡಲೇ ತೋರಿಸಬೇಕು.

5. ಹಚ್ಚಿದ್ದನ್ನು ಮುಚ್ಚಿಡದೆ ಹೇಳಬೇಕು. ಹಚ್ಚದ ಗಂಧೆಯಿದ್ದರೆ ಅದನ್ನೇ ಮೊದಲು ತೋರಿಸಬೇಕು.